ಲೈಬ್ರರಿ ಪುಸ್ತಕದ ದಂಡ: ಲೆಕ್ಕ ಎಲ್ಲಿಂದ ಶುರು?

ಮಾನ್ಯ ರಕ್ಷಕರೇ,

ತಡವಾಗಿ ಬಂದ ಪುಸ್ತಕಕ್ಕೆ ನಾವು ಬರೆದ ದಂಡವೂ ಮನೆಯಲ್ಲಿ ಹಾಕಿದ ಲೆಕ್ಕವೂ ಆಗಾಗ ತಾಳೆಯಾಗುವುದಿಲ್ಲ. ಹೆಚ್ಚಿನ ಸಲ ಮನೆಯ ಲೆಕ್ಕವೇ ಜಾಸ್ತಿ ಇರುತ್ತದೆ. ಕಾರಣ ಇಷ್ಟೇ: ಪುಸ್ತಕ ಇಟ್ಟುಕೊಳ್ಳುವ 14 ದಿನಗಳಲ್ಲಿ ರಜೆಯೂ ಸೇರುತ್ತದೆ; ಆಮೇಲಿನ 3 ವಿನಾಯಿತಿ ದಿನ ಮತ್ತು ದಂಡದ ದಿನಗಳಲ್ಲಿ ಶಾಲೆ ನಡೆದ ದಿನ ಮಾತ್ರ ಸೇರುತ್ತದೆ. ದಂಡ ದಿನಕ್ಕೆ 1 ರೂಪಾಯಿ.

ಒಂದು ಲೆಕ್ಕ ಮಾಡಿ ನೋಡೋಣ. ಜೂನ್ 9, ಸೋಮವಾರ ಪುಸ್ತಕ ಕೊಟ್ಟೆವು ಎಂದುಕೊಳ್ಳಿ. ಕೊಟ್ಟ ದಿನವನ್ನು ಎಣಿಸುವುದಿಲ್ಲ. 10ನೇ ತಾರೀಕು ಮೊದಲನೆಯ ದಿನ. ಹಾಗಾಗಿ ಕೊನೆಯ ದಿನ ಜೂನ್ 23, ಸೋಮವಾರ. ಪುಸ್ತಕದ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಮುದ್ರೆ ಒತ್ತಿರುವುದು ಈ ತಾರೀಕೇ, ಕೊಟ್ಟ ತಾರೀಕಲ್ಲ. ಅದು ರಜೆಯ ದಿನ ಬಿದ್ದರೆ ಮುಂದಿನ ಶಾಲಾ ದಿನವೇ ಕೊನೆಯ ದಿನ.

ಇನ್ನು ವಿನಾಯಿತಿ. ನಮ್ಮ ಕಾಸರಗೋಡಿನಲ್ಲಿ ಜೂನ್, ಜುಲೈ ಎಂದರೆ ಮಳೆಯ ರಜೆ ಇದ್ದದ್ದೇ. 25ರ ಬುಧವಾರಕ್ಕೆ ಜಿಲ್ಲಾಧಿಕಾರಿಗಳು ರಜೆ ಸಾರಿದರು ಎನ್ನೋಣ. ಆಗ ವಿನಾಯಿತಿಯ ಮೂರು ದಿನ ಮಂಗಳವಾರ, ಗುರುವಾರ, ಶುಕ್ರವಾರ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. (ರಜೆಗೆ ಬದಲಾಗಿ ಶನಿವಾರ ಶಾಲೆ ನಡೆಸಿದರೆ ಆ ಶನಿವಾರ ಲೆಕ್ಕಕ್ಕುಂಟು.) ದಂಡ ಶುರುವಾಗುವುದು 30ರ ಸೋಮವಾರ. ಪುಸ್ತಕ ಜುಲೈ 2, ಬುಧವಾರ ಬಂತು. ತಂದ ದಿನವೂ ಸೇರಿ ಸೋಮ, ಮಂಗಳ, ಬುಧ: 3 ರೂಪಾಯಿ.

ಕ್ಯಾಲೆಂಡರ್ ನೋಡಿ 23ರಿಂದ 2ರವರೆಗೆ 9 ದಿನ, ಅದರಲ್ಲಿ 3 ಕಳೆದು 6 ರೂಪಾಯಿ ಎನ್ನುವವರು ರಜೆಗಳನ್ನು ಬಿಟ್ಟಿರುವುದಿಲ್ಲ. ವಾರದ ರಜೆ ಬಿಟ್ಟು ಮಳೆಯ ರಜೆ ಮರೆತರೆ 4 ಬರುತ್ತದೆ. ವಿನಾಯಿತಿ ಮೀರಿದ ಮೇಲೆ ಆ ಮೂರು ದಿನಕ್ಕೂ ದಂಡ ಬೀಳುತ್ತದೆಂದು ಭಾವಿಸಿದರೆ ಮತ್ತೆ 6. ಕೆಲವು ಲೈಬ್ರರಿಗಳಲ್ಲಿ ಹಾಗೆ ಹಿಂದಿನಿಂದ ಹಿಡಿಯುವ ಕ್ರಮ ಇದೆ, ನಮ್ಮಲ್ಲಿಲ್ಲ. ಬಿಟ್ಟ ದಿನ ಬಿಟ್ಟ ಹಾಗೆಯೇ.

ಮಗು ಶಾಲೆಗೆ ಬಾರದ ದಿನ ನಮ್ಮ ಲೆಕ್ಕದಲ್ಲಿ ರಜೆಯಲ್ಲ. ಅಣ್ಣ, ಅಕ್ಕ ಅಥವಾ ಪಕ್ಕದ ಮನೆಯ ಮಕ್ಕಳ ಕೈಯಲ್ಲಿ ಪುಸ್ತಕ ಕಳುಹಿಸಬಹುದು. ಜ್ವರ ಬಂದು ಮಲಗಿದ್ದರೆ ತರಗತಿ ಶಿಕ್ಷಕರಿಗೆ ಒಂದು ಚೀಟಿ ಬರೆದುಕೊಡಿ, ಆ ದಿನಗಳನ್ನು ಬಿಡುತ್ತೇವೆ.

ಕೈಯಲ್ಲಿ ಚಿಲ್ಲರೆ ಇಲ್ಲವೆಂದು ಪುಸ್ತಕವನ್ನು ಚೀಲದಲ್ಲೇ ಉಳಿಸಿಕೊಳ್ಳುವ ಮಕ್ಕಳಿದ್ದಾರೆ. ದಂಡ ನಿಲ್ಲುವುದು ಪುಸ್ತಕ ಬಂದ ದಿನಕ್ಕೆ, ದುಡ್ಡು ಕೊಟ್ಟ ದಿನಕ್ಕಲ್ಲ. ಪುಸ್ತಕ ಮೊದಲು ಕಳುಹಿಸಿ. ಹಣ ಮುಂದಿನ ವಾರ ಕೊಟ್ಟರೂ ಅದೇ 3 ರೂಪಾಯಿ.

ಇತಿ,
ಮುಖ್ಯೋಪಾಧ್ಯಾಯರು