ವಿದೇಶಿ ಕಾರ್ಡಿನ ಬಿಲ್ಲು ಇನ್ನು ರೂಪಾಯಿಯಲ್ಲಿ ಮಾತ್ರ: ಗ್ರಾಹಕ ಬಂಧುಗಳಿಗೆ ಪತ್ರ

ಮಾನ್ಯ ಗ್ರಾಹಕ ಬಂಧುಗಳಿಗೆ ಇಳಕಲ್ಲಿನಿಂದ ಶರಣು ಶರಣಾರ್ಥಿಗಳು.

ಸಂಘದ ಮಾರಾಟ ಮಳಿಗೆಯಲ್ಲಿರುವ ಎರಡೂ ಕಾರ್ಡ್ ಯಂತ್ರಗಳಲ್ಲಿ ವಿದೇಶಿ ಕಾರ್ಡುಗಳಿಗೆ ಡಾಲರ್, ಪೌಂಡ್, ದಿರ್ಹಮ್ ಮುಂತಾದ ಕರೆನ್ಸಿಗಳಲ್ಲಿ ಬಿಲ್ಲು ಮಾಡುವ ಸೌಲಭ್ಯವನ್ನು ನಾವು ತೆಗೆಸಿದ್ದೇವೆ. ಇನ್ನು ಮುಂದೆ ಯಾವ ದೇಶದ ಬ್ಯಾಂಕಿನ ಕಾರ್ಡ್ ಕೊಟ್ಟರೂ ಮೊತ್ತ ರೂಪಾಯಿಯಲ್ಲೇ ಕಡಿತವಾಗುತ್ತದೆ. ಮನೆಗೆ ಸೀರೆ ತರಿಸಿಕೊಳ್ಳುವವರಿಗೆ ನಾವು ಕಳಿಸುವ ಪಾವತಿ ಲಿಂಕಿನಲ್ಲೂ ರೂಪಾಯಿ ಮೊತ್ತವೇ ಕಾಣಿಸುತ್ತದೆ. ಈ ಬದಲಾವಣೆಗೆ ಕಾರಣವಾದ ಒಂದು ದೂರಿಗೆ ವಿವರವಾಗಿ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಈ ಪತ್ರ ಬರೆಯುತ್ತಿದ್ದೇವೆ.

ದೂರು ಇದು: "ನೀವು ಹೇಳಿದ ಬೆಲೆ ಒಂದು, ನಮ್ಮ ಕಾರ್ಡಿನಿಂದ ಹೋದದ್ದು ಇನ್ನೊಂದು. ಹೊರದೇಶದಿಂದ ಬಂದವರೆಂದು ನಮಗೆ ಬೇರೆ ದರ ಹಾಕಿದ್ದೀರಿ." ಕಳೆದ ಮದುವೆ ಹಂಗಾಮಿನಲ್ಲಿ ಅಮೆರಿಕದಿಂದ ಬಂದಿದ್ದ ಕುಟುಂಬಗಳಿಂದ ಇದೇ ಮಾತನ್ನು ಮತ್ತೆ ಮತ್ತೆ ಕೇಳಿದೆವು. ನಮ್ಮಲ್ಲಿ ಊರವರಿಗೊಂದು, ಹೊರಗಿನವರಿಗೊಂದು ಬೆಲೆ ಎಂದೂ ಇದ್ದಿಲ್ಲ. ಸೀರೆಗೆ ಹಚ್ಚಿದ ಚೀಟಿಯಲ್ಲಿ ಬರೆದ ಬೆಲೆಯೇ ಎಲ್ಲರಿಗೂ ಬೆಲೆ. ಹಾಗಿದ್ದೂ ದೂರು ಕೊಟ್ಟವರು ಹೇಳಿದ್ದು ಸುಳ್ಳಲ್ಲ ಎಂಬುದು ಅವರು ಕಳಿಸಿಕೊಟ್ಟ ರಸೀದಿಗಳನ್ನು ಕಡತದ ಪ್ರತಿಯೊಂದಿಗೆ ಹೋಲಿಸಿ ನೋಡಿದಾಗ ತಿಳಿಯಿತು. ಹೆಚ್ಚಿನ ಹಣ ನಿಜವಾಗಿಯೂ ಹೋಗಿದೆ. ಅದು ಹೋದ ದಾರಿಯನ್ನು ನಿಮ್ಮ ಮುಂದೆ ಇಡುತ್ತೇವೆ.

ಕಾರ್ಡನ್ನು ಯಂತ್ರದೊಳಗೆ ಹಾಕಿದ ಕೂಡಲೇ ಅದರ ಸಂಖ್ಯೆಯ ಮೊದಲ ಅಂಕಿಗಳಿಂದ ಅದು ಯಾವ ದೇಶದ ಬ್ಯಾಂಕಿನದು ಎಂದು ಯಂತ್ರಕ್ಕೆ ಗೊತ್ತಾಗುತ್ತದೆ. ಅಮೆರಿಕದ ಕಾರ್ಡಾದರೆ ಪರದೆಯ ಮೇಲೆ INR ಮತ್ತು USD ಎಂಬ ಎರಡು ಮೊತ್ತಗಳು ಮೂಡುತ್ತವೆ, ಯಾವುದರಲ್ಲಿ ಕಡಿತ ಮಾಡಬೇಕೆಂದು ಯಂತ್ರ ಕೇಳುತ್ತದೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎಂದು ಹೆಸರು. ರೂಪಾಯಿ ಆರಿಸಿದರೆ ಅದನ್ನು ಡಾಲರಿಗೆ ಪರಿವರ್ತಿಸುವ ಕೆಲಸವನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲ ತನ್ನ ದರದಲ್ಲಿ ಮಾಡುತ್ತದೆ, ಆ ದರ ಮಾರುಕಟ್ಟೆಯ ದರಕ್ಕೆ ಬಹಳ ಹತ್ತಿರವಿರುತ್ತದೆ. ಡಾಲರ್ ಆರಿಸಿದರೆ ಅದೇ ಕೆಲಸವನ್ನು ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕು ಮತ್ತು ಅದರ ಜೊತೆಗಿರುವ ಸಂಸ್ಥೆ ತಮ್ಮದೇ ದರದಲ್ಲಿ, ತಮ್ಮ ಲಾಭಾಂಶವನ್ನು ಸೇರಿಸಿಕೊಂಡು, ಅಲ್ಲೇ ಮಾಡಿ ಮುಗಿಸುತ್ತವೆ.

ಒಂದು ಲೆಕ್ಕವನ್ನೇ ನೋಡೋಣ. ಎರಡು ರೇಷ್ಮೆ ಸೀರೆಗಳ ಬಿಲ್ಲು 34,000 ರೂಪಾಯಿ ಆಯಿತೆನ್ನಿ. ಲೆಕ್ಕಕ್ಕೆ ಅನುಕೂಲವಾಗಲೆಂದು ಆ ದಿನದ ದರ ಡಾಲರಿಗೆ 85 ರೂಪಾಯಿ ಎಂದು ಇಟ್ಟುಕೊಂಡರೆ ನೀವು ಮನಸ್ಸಿನಲ್ಲೇ ಹಾಕಿಕೊಳ್ಳುವ ಲೆಕ್ಕ 400 ಡಾಲರ್. ಯಂತ್ರದ ದರದಲ್ಲಿ ಶೇಕಡಾ 5ರಷ್ಟು ಲಾಭಾಂಶ ಸೇರಿದ್ದರೆ ರಸೀದಿಯಲ್ಲಿ ಒಂದು ಡಾಲರಿಗೆ 80 ರೂಪಾಯಿ 95 ಪೈಸೆ ಎಂದು ಅಚ್ಚಾಗುತ್ತದೆ. ನಿಮ್ಮ ಡಾಲರಿನ ಬೆಲೆ ನಾಲ್ಕು ರೂಪಾಯಿ ಇಳಿದದ್ದರಿಂದ 34,000 ರೂಪಾಯಿಗೆ 420 ಡಾಲರ್ ಬೇಕಾಗುತ್ತದೆ. ಎಡವುವುದು ಇಲ್ಲೇ: ದರದ ಅಂಕಿ ಕಡಿಮೆಯಿದೆಯೆಂದು ಸಮಾಧಾನಪಟ್ಟುಕೊಂಡವರಿದ್ದಾರೆ, ಆದರೆ ರೂಪಾಯಿಯ ಬಿಲ್ಲಿಗೆ ಡಾಲರ್ ಕೊಡುವವರಿಗೆ ಆ ಅಂಕಿ ಕಡಿಮೆಯಾದಷ್ಟೂ ನಷ್ಟ.

ಖರ್ಚು ಇಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದ ಅನೇಕ ಬ್ಯಾಂಕುಗಳು ಹೊರದೇಶದ ಅಂಗಡಿಯಲ್ಲಿ ಮಾಡಿದ ಖರೀದಿಗೆ ಸುಮಾರು ಶೇಕಡಾ 3ರಷ್ಟು ವಿದೇಶಿ ವಹಿವಾಟು ಶುಲ್ಕ ಹಾಕುತ್ತವೆ. ಡಾಲರಿನಲ್ಲೇ ಬಿಲ್ಲಾದರೆ ಈ ಶುಲ್ಕ ತಪ್ಪುತ್ತದೆಂದು ನಮ್ಮ ಗ್ರಾಹಕರಲ್ಲಿ ಹಲವರು ನಂಬಿದ್ದರು, ನಾವೂ ಹಾಗೇ ತಿಳಿದಿದ್ದೆವು. ಅದು ತಪ್ಪು ತಿಳಿವಳಿಕೆ. ಎಷ್ಟೋ ಬ್ಯಾಂಕುಗಳು ಶುಲ್ಕ ಹಾಕುವಾಗ ಬಿಲ್ಲಿನ ಕರೆನ್ಸಿಯನ್ನು ಪರಿಗಣಿಸದೆ ಅಂಗಡಿ ಯಾವ ದೇಶದಲ್ಲಿದೆ ಎಂಬುದನ್ನಷ್ಟೇ ನೋಡುತ್ತವೆ. ಹಾಗಾಗಿ 420 ಡಾಲರ್ ಮೇಲೆ ಮತ್ತೆ 12 ಡಾಲರ್ 60 ಸೆಂಟ್ ಸೇರಿ ಒಟ್ಟು 432 ಡಾಲರ್ 60 ಸೆಂಟ್ ಆಗುತ್ತದೆ. ರೂಪಾಯಿಯಲ್ಲಿ ಕಡಿತವಾಗಿದ್ದರೆ ಅದೇ ಕಾರ್ಡಿಗೆ 412 ಡಾಲರಿನ ಆಸುಪಾಸು, ವಿದೇಶಿ ಶುಲ್ಕವಿಲ್ಲದ ಕಾರ್ಡಿಗೆ 400ರ ಆಸುಪಾಸು ಆಗುತ್ತಿತ್ತು. ಎರಡೂ ಖರ್ಚು ಒಟ್ಟಿಗೆ ಬಿದ್ದವರಿಗೆ ನಮ್ಮ ರೂಪಾಯಿಯ ಲೆಕ್ಕದಲ್ಲಿ 2,700ಕ್ಕೂ ಮಿಕ್ಕಿ ಹೆಚ್ಚಾಗಿದೆ. ಅಷ್ಟು ಹಣಕ್ಕೆ ಒಂದು ಒಳ್ಳೆಯ ಹತ್ತಿ ಸೀರೆ ಬರುತ್ತಿತ್ತಲ್ಲ ಎಂದು ಒಬ್ಬ ತಾಯಿಯವರು ಫೋನಿನಲ್ಲಿ ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ.

ಇಷ್ಟೆಲ್ಲ ಆದರೂ 34,000 ರೂಪಾಯಿಯ ಆ ಬಿಲ್ಲಿನಲ್ಲಿ ಸಂಘಕ್ಕೆ ಪೂರ್ತಿ 34,000 ಸೇರಲಿಲ್ಲ ಎಂಬುದನ್ನೂ ತಾವು ದಯವಿಟ್ಟು ಗಮನಿಸಬೇಕು. ವಿದೇಶಿ ಕಾರ್ಡಿನ ಪ್ರತಿ ವಹಿವಾಟಿಗೆ ನಮ್ಮಿಂದ ಬ್ಯಾಂಕು ಶೇಕಡಾ 3ರಂತೆ 1,020 ರೂಪಾಯಿಯನ್ನೂ ಅದರ ಮೇಲೆ ಶೇಕಡಾ 18ರ ಜಿಎಸ್‌ಟಿಯಂತೆ 183 ರೂಪಾಯಿ 60 ಪೈಸೆಯನ್ನೂ ಕಡಿದುಕೊಂಡಿತು. ಈ ಕಡಿತದ ನಂತರ ಉಳಿದದ್ದು 32,796 ರೂಪಾಯಿ 40 ಪೈಸೆ. ನಮ್ಮ ದೇಶದ ಡೆಬಿಟ್ ಕಾರ್ಡುಗಳಿಗೆ ಅಂಗಡಿಯವರು ಕೊಡಬೇಕಾದ ಈ ಎಂಡಿಆರ್ ಶುಲ್ಕಕ್ಕೆ ರಿಸರ್ವ್ ಬ್ಯಾಂಕು ಶೇಕಡಾ 0.90ರ ಮಿತಿ ಹಾಕಿದೆ, ರೂಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ಅದು ಇಲ್ಲವೇ ಇಲ್ಲ. ವಿದೇಶಿ ಕಾರ್ಡಿಗೆ ಅಂಥ ಮಿತಿಯಿಲ್ಲ. ಆದರೂ ಈ ಖರ್ಚನ್ನು ನಾವು ಯಾವ ಗ್ರಾಹಕರ ಮೇಲೂ ಹಾಕಿಲ್ಲ, ಮುಂದೆಯೂ ಹಾಕುವುದಿಲ್ಲ. ನೇಕಾರರಿಗೆ ಕೊಡುವ ಕೂಲಿಯನ್ನೂ ಇದಕ್ಕಾಗಿ ಕಡಿತ ಮಾಡಿಲ್ಲ. ಇದನ್ನು ಭರಿಸುವುದು ಸಂಘದ ಲಾಭದ ಪಾಲು. ಹೀಗಿರುವಾಗ ಹೊರದೇಶದವರಿಂದ ದುಪ್ಪಟ್ಟು ಗಳಿಸುತ್ತಾರೆಂಬ ಮಾತು ಬಂದಾಗ ಮಗ್ಗದ ಮುಂದೆ ಕೂಡುವವರಿಗೂ ಕೌಂಟರಿನಲ್ಲಿ ನಿಲ್ಲುವವರಿಗೂ ಬಹಳ ನೋವಾಯಿತು.

ನೋವನ್ನು ಹೇಳಿಕೊಂಡ ಮೇಲೆ ನಮ್ಮ ತಪ್ಪನ್ನೂ ಹೇಳಲೇಬೇಕು. ಈ ಸೌಲಭ್ಯವಿರುವಲ್ಲಿ ಯಾವ ಕರೆನ್ಸಿ ಎಂದು ನಿರ್ಧರಿಸುವ ಹಕ್ಕು ಕಾರ್ಡು ಹೊಂದಿದವರದು, ಅಂಗಡಿಯವರದಲ್ಲ. ಕಾರ್ಡ್ ಜಾಲಗಳ ನಿಯಮವೂ ಅದೇ. ನಮ್ಮ ಮಳಿಗೆಯಲ್ಲಿ ಹಾಗೆ ನಡೆಯಲಿಲ್ಲ. ಯಂತ್ರ ಗಲ್ಲೆಯ ಆಚೆ ಬದಿಗಿರುತ್ತಿತ್ತು, ಪರದೆ ನಮ್ಮ ಹುಡುಗರ ಕಡೆಗೆ ತಿರುಗಿರುತ್ತಿತ್ತು. ಒಂದು ಕೈಯಲ್ಲಿ ಟೋಪಿ ತೆನಿಯ ಸೆರಗನ್ನು ಮಡಿಸುತ್ತ, ಇನ್ನೊಂದು ಕೈಯಲ್ಲಿ ಅವರು USD ಎಂಬುದನ್ನು ತಾವೇ ಒತ್ತಿಬಿಡುತ್ತಿದ್ದರು. ಡಾಲರಿನಲ್ಲಿ ಕೊಟ್ಟರೆ ಬಂದವರಿಗೆ ಲೆಕ್ಕ ಸುಲಭ ಎಂಬ ಒಳ್ಳೆಯ ಮನಸ್ಸಿನಿಂದಲೇ ಅವರು ಹಾಗೆ ಮಾಡಿದ್ದು. ಯಂತ್ರ ಕೊಡುವಾಗ ಬ್ಯಾಂಕಿನವರು ಇದನ್ನು ಗ್ರಾಹಕರಿಗೆ ಅನುಕೂಲವೆಂದೇ ಹೇಳಿದ್ದರು, ನಾವು ಮರುಪ್ರಶ್ನೆ ಕೇಳಲಿಲ್ಲ. ಹುಡುಗರಿಗೆ ಕಲಿಸಬೇಕಾದವರು ನಾವು, ಆದ್ದರಿಂದ ತಪ್ಪು ಅವರದಲ್ಲ, ಆಡಳಿತ ಮಂಡಳಿಯದು.

ಇನ್ನೊಂದು ಮಾತನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆಯಿರುವುದಿಲ್ಲ. ದೂರುಗಳು ಬಂದ ಮೇಲೆ ಬ್ಯಾಂಕಿನ ಮಾಸಿಕ ವಿವರಪಟ್ಟಿಗಳನ್ನು ತೆಗೆದು ಸಾಲು ಸಾಲಾಗಿ ಓದಿದಾಗ, ಡಾಲರಿನಲ್ಲಾದ ಬಿಲ್ಲುಗಳ ಮೇಲೆ ಶೇಕಡಾ 1ರಷ್ಟು ಪಾಲು ಸಂಘಕ್ಕೂ ಜಮೆಯಾಗಿ, ಎಂಡಿಆರ್ ಕಡಿತದಲ್ಲಿ ಹೊಂದಾಣಿಕೆಯಾಗಿರುವುದು ಕಂಡುಬಂತು. ಮೇಲಿನ ಬಿಲ್ಲಿನಲ್ಲಿ ಅದು 340 ರೂಪಾಯಿ. ನಾವು ಕೇಳಿ ಪಡೆದ ಹಣವಲ್ಲ, ಆದರೆ ನಮಗೆ ಬಂದದ್ದು ನಿಜ, ಅದು ನಿಮ್ಮ ಜೇಬಿನಿಂದ ಬಂದದ್ದೂ ನಿಜ. ಇದಕ್ಕಾಗಿ ಮನಃಪೂರ್ವಕವಾಗಿ ಕ್ಷಮೆ ಕೇಳುತ್ತೇವೆ. ಡಾಲರ್ ಅಥವಾ ಬೇರೆ ವಿದೇಶಿ ಕರೆನ್ಸಿಯ ಮೊತ್ತವಿರುವ ನಮ್ಮ ಹಳೆಯ ರಸೀದಿಯನ್ನು ಯಾರು ತೋರಿಸಿದರೂ, ಆ ಬಿಲ್ಲಿನಲ್ಲಿ ಸಂಘಕ್ಕೆ ಬಂದ ಪಾಲನ್ನು ನಗದಾಗಿ ಹಿಂದಿರುಗಿಸುತ್ತೇವೆ. ಪರಿವರ್ತನೆಯ ಉಳಿದ ಲಾಭ ನಮ್ಮ ಕೈಗೆ ಬಂದಿಲ್ಲವಾದ್ದರಿಂದ ಅದನ್ನು ಕೊಡಲು ನಮಗೆ ಸಾಧ್ಯವಿಲ್ಲ. ತಮ್ಮನ್ನು ಕೇಳದೆಯೇ ಡಾಲರ್ ಆರಿಸಲಾಗಿತ್ತು ಎನ್ನುವವರು ತಮ್ಮ ಕಾರ್ಡಿನ ಬ್ಯಾಂಕಿನಲ್ಲಿ ತಕರಾರು ಸಲ್ಲಿಸಬಹುದು. ಅದಕ್ಕೆ ಕಾಲಮಿತಿ ಇರುವುದರಿಂದ ತಡಮಾಡಬೇಡಿ. ಕೇಳದೆ ಒತ್ತಿದ್ದು ನಿಜವೆಂದು ಸಂಘದ ಮೊಹರಿನ ಪತ್ರವನ್ನು ನಾವು ಕೊಡುತ್ತೇವೆ.

ನಿಮ್ಮ ಖರೀದಿ ಹೇಗೆ ಆಗಿತ್ತೆಂದು ತಿಳಿಯಲು ರಸೀದಿಯನ್ನು ನೋಡಿದರೆ ಸಾಕು. ರೂಪಾಯಿಯ ಕೆಳಗೆ ನಿಮ್ಮ ದೇಶದ ಕರೆನ್ಸಿಯ ಮೊತ್ತವೂ ವಿನಿಮಯ ದರವೂ ಅಚ್ಚಾಗಿದ್ದು, ಅದೇ ಮೊತ್ತ ಕಾರ್ಡಿನ ಲೆಕ್ಕಪಟ್ಟಿಯಲ್ಲೂ ಇದ್ದರೆ ಪರಿವರ್ತನೆ ನಮ್ಮ ಗಲ್ಲೆಯ ಮೇಲೆಯೇ ಆಗಿದೆ. ನಿಮ್ಮ ಬ್ಯಾಂಕಿನ ಶುಲ್ಕ ಸಾಮಾನ್ಯವಾಗಿ Foreign Transaction Fee ಎಂದು ಬೇರೆ ಸಾಲಿನಲ್ಲಿರುತ್ತದೆ, ಬ್ರಿಟನ್ನಿನ ಕಾರ್ಡುಗಳಲ್ಲಿ Non-Sterling Transaction Fee ಎಂದಿರಬಹುದು. ಈ ಶುಲ್ಕವನ್ನು ತೆಗೆಯುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಬಿಲ್ಲು ರೂಪಾಯಿಯಲ್ಲಿದ್ದರೂ ಅದು ಬೀಳಬಹುದು. ಊರಿಗೆ ಹೊರಡುವ ಮೊದಲು ನಿಮ್ಮ ಕಾರ್ಡಿಗೆ ಎಷ್ಟು ಶುಲ್ಕವೆಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ, ಶುಲ್ಕವಿಲ್ಲದ ಕಾರ್ಡಿದ್ದರೆ ಅದನ್ನೇ ತನ್ನಿ. ಖರೀದಿಯ ದಿನದ ದರಕ್ಕೂ ಒಂದೆರಡು ದಿನ ಬಿಟ್ಟು ವಹಿವಾಟು ಲೆಕ್ಕಕ್ಕೆ ಸೇರುವ ದಿನದ ದರಕ್ಕೂ ಅಲ್ಪ ವ್ಯತ್ಯಾಸ ಬರಬಹುದು, ಅದಕ್ಕೆ ಗಾಬರಿಯಾಗಬೇಡಿ.

ಇಲ್ಲಿನ ಬ್ಯಾಂಕಿನಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇಟ್ಟವರು ಅದರಿಂದ ಯುಪಿಐ ಮೂಲಕ ಕೊಟ್ಟರೆ ಈ ಎರಡು ಖರ್ಚುಗಳೂ ಇಲ್ಲ. ಅಮೆರಿಕ, ಬ್ರಿಟನ್, ಸಿಂಗಪುರ, ಯುಎಇ ಸೇರಿದಂತೆ ಕೆಲವು ದೇಶಗಳ ಮೊಬೈಲ್ ಸಂಖ್ಯೆಗೂ ಇದು ಸಿಗುತ್ತದೆ, ನಿಮ್ಮ ಬ್ಯಾಂಕು ಕೊಡುತ್ತದೆಯೇ ಎಂದು ವಿಚಾರಿಸಿ.

ಸೀರೆ ಹಿಂದಿರುಗಿಸುವವರಿಗೂ ಒಂದು ವಿಷಯ ತಿಳಿಸಬೇಕಾಗಿದೆ. ನಾವು ಪೂರ್ತಿ ರೂಪಾಯಿ ಮೊತ್ತವನ್ನೇ ಕಾರ್ಡಿಗೆ ಮರಳಿಸುತ್ತೇವೆ. ಆದರೆ ಅದು ಮರಳಿಸಿದ ದಿನದ ದರದಲ್ಲಿ ಡಾಲರಾಗುವುದರಿಂದ ನಿಮಗೆ ತುಸು ಕಡಿಮೆಯೋ ಹೆಚ್ಚೋ ಬರಬಹುದು, ನಿಮ್ಮ ಬ್ಯಾಂಕು ಹಾಕಿದ ಶುಲ್ಕ ಮರಳದೆಯೂ ಇರಬಹುದು. ಆದ್ದರಿಂದ ಬಣ್ಣವೋ ಅಂಚೋ ಮೆಚ್ಚಿಗೆಯಾಗದಿದ್ದರೆ ಬೇರೆ ಸೀರೆಗೆ ಬದಲಾಯಿಸಿಕೊಳ್ಳುವುದು ನಿಮಗೇ ಲಾಭ.

ಈಗ ಯಂತ್ರವನ್ನು ಗಲ್ಲೆಯ ಈಚೆ ಬದಿಗೆ, ಪರದೆ ನಿಮ್ಮ ಕಡೆಗೆ ಇರುವಂತೆ ಇಟ್ಟಿದ್ದೇವೆ. ಮುಂದಿನ ಸಲ ಬಂದಾಗ ಅದರಲ್ಲಿ INR ಎಂದಿದೆಯೇ, ಮೊತ್ತ ಸೀರೆಯ ಚೀಟಿಗೆ ಸರಿಹೊಂದುತ್ತದೆಯೇ ಎಂದು ಓದಿಕೊಂಡ ಮೇಲೆಯೇ ಕಾರ್ಡು ಕೊಡಿ. ಹಳೆಯ ರಸೀದಿ ಇದ್ದವರು ಅದರ ಫೋಟೊವನ್ನು ಬಿಲ್ಲಿನ ಮೇಲಿರುವ ಸಂಖ್ಯೆಗೆ ಕಳಿಸಿರಿ, ಕಡತ ತೆಗೆದು ನಾನೇ ಉತ್ತರಿಸುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಆಡಳಿತ ಮಂಡಳಿಯ ಪರವಾಗಿ,
ನೇಕಾರರ ಸಹಕಾರಿ ಸಂಘ, ಇಳಕಲ್