ಸಹಿ ಯಾರದು ಅಂತ ಮೊದಲು ಕೇಳು

ಪ್ರೀತಿಯ ಅನು,

ಆರ್ಕಿಟೆಕ್ಚರಿಗೆ ಐದು ವರ್ಷ, ಇಂಟೀರಿಯರ್ ಡಿಸೈನಿಗೂ ಪ್ರಾಡಕ್ಟ್ ಡಿಸೈನಿಗೂ ನಾಲ್ಕು ಅಂತ ಪಟ್ಟಿ ಮಾಡಿ, ಯಾವುದು ಓದಲಿ ಅಂತ ಕೇಳಿ ಕಳಿಸಿದ್ದೀಯ. ಒಂದೇ ವರ್ಷ ತಾನೇ ಜಾಸ್ತಿ ಅಂದುಕೊಂಡೆ, ಅಲ್ವಾ? ಲೆಕ್ಕ ತಪ್ಪಿದ್ದು ಅಲ್ಲೇ.

ಎಷ್ಟೋ ದೇಶಗಳಲ್ಲಿ ಡಿಗ್ರಿ ಬಂದ ಮಾತ್ರಕ್ಕೆ ಆರ್ಕಿಟೆಕ್ಟ್ ಅಂತ ಬೋರ್ಡ್ ಹಾಕುವ ಹಾಗಿಲ್ಲ. ಲೈಸೆನ್ಸ್ ಬೇಕು. ಭಾರತದಲ್ಲಿ ಐದು ವರ್ಷದ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದರೆ ಆಯ್ತು. ಅಮೆರಿಕದಲ್ಲಿ ಓದಿನ ಮೇಲೆ 3,740 ಗಂಟೆ ಕೆಲಸದ ಅನುಭವ ತೋರಿಸಿ, ಆರು ಪರೀಕ್ಷೆ ಪಾಸಾಗಬೇಕು. ಅಂಥ ಕಡೆ ಎಂಟು ವರ್ಷ ಹಿಡಿಯುತ್ತೆ ಅಂತ ಇಟ್ಟುಕೋ. ನಿನ್ನ ಗೆಳತಿ ಪ್ರಾಡಕ್ಟ್ ಡಿಸೈನ್ ಓದಿ ಐದನೇ ವರ್ಷದಿಂದಲೇ ವರ್ಷಕ್ಕೆ 100 ದುಡಿಯುತ್ತಾಳೆ. ನಿನಗೆ ಐದನೇ ವರ್ಷ ಸೊನ್ನೆ, ಆಮೇಲೆ ಮೂರು ವರ್ಷ 80. ಎಂಟನೇ ವರ್ಷದ ಕೊನೆಗೆ ಅವಳ ಕೈಯಲ್ಲಿ 400, ನಿನ್ನ ಕೈಯಲ್ಲಿ 240. ಅಲ್ಲಿಂದ ಪ್ರತಿ ವರ್ಷ ಅವಳಿಗಿಂತ 10 ಜಾಸ್ತಿ ಬಂದರೂ ಆ 160 ತುಂಬೋಕೆ 16 ವರ್ಷ. ಅಂಕಿ ಸುಮ್ನೆ ಇಟ್ಟುಕೊಂಡದ್ದು. ನಿನ್ನ ಅಂಕಿ ಹಾಕಿ ನೋಡು.

ಹಾಗಾದರೆ ಆ ಲೈಸೆನ್ಸಿಂದ ಸಿಗೋದೇನು? ಕಟ್ಟಡದ ಡ್ರಾಯಿಂಗ್ ಮೇಲೆ ಸಹಿ ಹಾಕುವ ಹಕ್ಕು. ಒಮ್ಮೆ ಒಬ್ಬ ಇಂಟೀರಿಯರ್ ಡಿಸೈನರ್ ನನ್ನ ಹತ್ತಿರ ಡ್ರಾಯಿಂಗ್ ತಂದಿದ್ದರು. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆದು ಒಂದೇ ಮಾಡಿದ್ದರು, ಚೆನ್ನಾಗಿಯೇ ಇತ್ತು. ಆದರೆ ಮೇಲಿನ ಸ್ಲ್ಯಾಬ್ ಕೂತಿದ್ದು ಅದೇ ಗೋಡೆ ಮೇಲೆ. ಇಂಜಿನಿಯರ್ ಬಂದು ಬೀಮ್ ಲೆಕ್ಕ ಹಾಕಬೇಕಾಯ್ತು, ನಾನು ಸಹಿ ಹಾಕಬೇಕಾಯ್ತು. ಅವರ ಫೀಸಿನಲ್ಲಿ ಮೂರು ಪಾಲು. ಹಾಗಂತ ಸಹಿ ಬರೀ ಲಾಭ ಅಲ್ಲ. ವರ್ಷಗಳ ಮೇಲೆ ಅಲ್ಲಿ ಬಿರುಕು ಬಿಟ್ಟರೆ ಹುಡುಕಿಕೊಂಡು ಬರೋದು ನನ್ನನ್ನೇ.

ಭಾರ ಹೊರುವ ಗೋಡೆ ಮುಟ್ಟದೆ ಮಾಡುವ ಕೆಲಸ ಇಂಟೀರಿಯರಲ್ಲಿ ಬೇಕಾದಷ್ಟಿದೆ, ದುಡ್ಡೂ ಬೇಗ ಬರುತ್ತೆ. ಕೆಲವರು ಫೀಸಿನ ಜೊತೆ ಸಾಮಾನಿನ ಮೇಲೆ ಕಮಿಷನ್ ತಗೋತಾರೆ. ತಗೊಂಡರೆ ಮನೆಯವರಿಗೆ ಮೊದಲೇ ಹೇಳು, ಆಮೇಲೆ ಗೊತ್ತಾದರೆ ಬಾಕಿ ಫೀಸೂ ಕೈಗೆ ಬರಲ್ಲ.

ಪ್ರಾಡಕ್ಟ್ ಡಿಸೈನಿಗೆ ಲೈಸೆನ್ಸೇ ಇಲ್ಲ. ಅಲ್ಲಿ ನೋಡೋದು ಪೋರ್ಟ್‌ಫೋಲಿಯೋ. ಕಂಪನಿ ಸೇರಿದರೆ ತಿಂಗಳ ಸಂಬಳ. ಸ್ವಂತ ಮಾಡಿದರೆ ಫೀಸು, ಇಲ್ಲವೇ ಮಾರಾಟವಾದಷ್ಟಕ್ಕೆ ರಾಯಲ್ಟಿ. ಬರೀ ರಾಯಲ್ಟಿ ನಂಬಬೇಡ. ಪ್ಲಾಸ್ಟಿಕ್ ವಸ್ತುವಿಗೆ ಮೊದಲು ಉಕ್ಕಿನ ಅಚ್ಚು ಮಾಡಿಸಬೇಕು. ಅದರ ಖರ್ಚು ನೋಡಿ ಕಂಪನಿ ಹಿಂದೆ ಸರಿದರೆ ನಿನ್ನ ವರ್ಷದ ಕೆಲಸಕ್ಕೆ ಬಿಡಿಗಾಸೂ ಇಲ್ಲ.

ನೀನು ಕಳಿಸಿದ ಎಂಟು ಸ್ಕೆಚ್ ಮತ್ತೆ ತೆಗೆದು ನೋಡಿದೆ. ಆರರಲ್ಲಿ ಮಡಚುವ ಸ್ಟೂಲಿನ ಕೀಲೇ ಇದೆ, ಕೋಣೆ ಒಂದರಲ್ಲೂ ಇಲ್ಲ. ನನ್ನ ಒಲವು ಯಾವ ಕಡೆ ಅಂತ ಗೊತ್ತಾಯ್ತಲ್ಲ. ಆ ಸ್ಟೂಲನ್ನು ರಟ್ಟಿನಲ್ಲಾದರೂ ಮಾಡಿ, ಮಡಚಿ ಬಿಚ್ಚಿ ನೋಡು. ಕೀಲು ಎಲ್ಲಿ ಹರಿಯಿತು ಅಂತ ಬರೆ.

ನಿನ್ನ
ದೊಡ್ಡಪ್ಪ