ಪಿಎಫ್ ಖಾತೆ ಸೇರಿಸಿ, ಆಮೇಲೆ ಪೆನ್ಷನ್ ಪಾಲಿನ ಮಾತು

ಮಾನ್ಯ ಸಂಪಾದಕರೇ,

ಪಿಎಫ್ ಸುದ್ದಿ ಬಂದಾಗಲೆಲ್ಲ ಬಡ್ಡಿ ದರದ ಚರ್ಚೆಯೇ ಜಾಸ್ತಿ. ಅದರ ಜೊತೆಗೇ ಇರುವ ಪೆನ್ಷನ್ ಪಾಲು ಕೆಲಸ ಬದಲಿಸುವಾಗ ಹೇಗೆ ಕೈತಪ್ಪುತ್ತದೆ ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಬೆಂಗಳೂರಿನ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಪಿಎಫ್ ಪ್ರಶ್ನೆ ಹಿಡಿದು ಬರುವವರನ್ನು ನೋಡುವುದೇ ನನ್ನ ಕೆಲಸ. ಹಾಗಾಗಿ ಈ ಪತ್ರ.

ನಮ್ಮ ಹೊಲಿಗೆ ವಿಭಾಗದ ಅಕ್ಕ ಒಬ್ಬರಿಗೆ 42 ವರ್ಷ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ಕೆಲಸ ಬಿಡಬೇಕು ಅಂತ ಬಂದರು. ಮೊದಲು ಬೇರೆ ಕಾರ್ಖಾನೆಯಲ್ಲಿ 4 ವರ್ಷ 2 ತಿಂಗಳು ದುಡಿದಿದ್ದರು. ನಮ್ಮಲ್ಲಿ 5 ವರ್ಷ 6 ತಿಂಗಳು. ಇಲ್ಲಿ ಸೇರುವಾಗ ಹಳೆಯ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸದಸ್ಯರ ನಂಬರ್, ಕೊಟ್ಟಿರಲಿಲ್ಲ. ಹೊಸ ನಂಬರ್ ಆಗಿತ್ತು. ಸೈಬರ್ ಸೆಂಟರಿನವರು ಅವರಿಗೆ ಹೇಳಿದ್ದು ಇಷ್ಟು: ಎರಡು ಖಾತೆಯಲ್ಲೂ ಪಿಎಫ್ ಹಣ ತೆಗೆಯುವ ಫಾರಂ 19, ಪೆನ್ಷನ್ ಪಾಲು ತೆಗೆಯುವ ಫಾರಂ 10ಸಿ ಎರಡನ್ನೂ ಹಾಕಿಬಿಡಿ, ಎಲ್ಲ ದುಡ್ಡೂ ಬರುತ್ತದೆ.

ಹಣ ಬರುತ್ತದೆ ನಿಜ. ಆದರೆ ಏನು ಹೋಗುತ್ತದೆ ಅಂತ ನೋಡಿ.

ಮಾಲೀಕರು ಕಟ್ಟುವ 12 ಪರ್ಸೆಂಟಿನಲ್ಲಿ 8.33 ಪರ್ಸೆಂಟ್ ಪೆನ್ಷನ್ ನಿಧಿಗೆ ಹೋಗುತ್ತದೆ. 15,000 ರೂಪಾಯಿ ಸಂಬಳದ ಮಿತಿ ಇರುವುದರಿಂದ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. ಈ ಪಾಲಿಗೆ ಪಿಎಫ್‌ಗೆ ಸೇರುವ ಹಾಗೆ ಬಡ್ಡಿ ಸೇರುವುದಿಲ್ಲ. ಹತ್ತು ವರ್ಷ ತುಂಬದೆ ಕೆಲಸ ಬಿಟ್ಟವರು ಇದನ್ನು ಹಿಂದಕ್ಕೆ ಪಡೆದರೆ, ಒಂದು ವರ್ಷದ ಸೇವೆಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳದ ಲೆಕ್ಕದಲ್ಲಿ ಸಿಗುತ್ತದೆ. ಆ ಅಕ್ಕ ಹಳೆಯ ಕಾರ್ಖಾನೆ ಬಿಟ್ಟಾಗ ಪಿಎಫ್ ಲೆಕ್ಕದ ಸಂಬಳ 8,000 ಇತ್ತು. ಇಲ್ಲಿ 12,000. ಎರಡೂ ಕಡೆಯಿಂದ ಸೇರಿ ಒಂದು ಲಕ್ಷದ ಆಸುಪಾಸು ಬರುತ್ತಿತ್ತು.

ಈಗ ಎರಡು ಸೇವೆಯನ್ನೂ ಕೂಡಿಸಿ. 9 ವರ್ಷ 8 ತಿಂಗಳು. ಒಂಬತ್ತೂವರೆ ವರ್ಷ ದಾಟಿದರೆ ಅದನ್ನು 10 ವರ್ಷ ಅಂತಲೇ ಹಿಡಿಯುತ್ತಾರೆ. ಅಂದರೆ ಅವರಿಗೆ ಪೆನ್ಷನ್ ಹಕ್ಕು ಬಂದೇ ಬಂತು. ಲೆಕ್ಕ ಹೀಗೆ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸರಾಸರಿ 12,000 ಅಂತ ಇಟ್ಟುಕೊಂಡರೆ, 58 ವರ್ಷಕ್ಕೆ ತಿಂಗಳಿಗೆ ಸುಮಾರು 1,714 ರೂಪಾಯಿ, ಬದುಕಿರುವವರೆಗೂ. 8,000 ಸಂಬಳದ ಹಳೆಯ ನಾಲ್ಕು ವರ್ಷಕ್ಕೂ 12,000ದ ಬೆಲೆಯೇ ಸಿಗುತ್ತದೆ. ಸೇವೆ ಒಗ್ಗೂಡಿಸುವುದರ ದೊಡ್ಡ ಲಾಭ ಇರುವುದೇ ಇಲ್ಲಿ. ಮುಂದೆ ಮತ್ತೆಲ್ಲಾದರೂ ಕೆಲಸಕ್ಕೆ ಸೇರಿದರೆ ಆ ವರ್ಷಗಳೂ ಇದಕ್ಕೇ ಕೂಡಿಕೊಳ್ಳುತ್ತವೆ.

1,714 ದೊಡ್ಡ ಮೊತ್ತವಲ್ಲ, 16 ವರ್ಷ ಕಾಯಬೇಕು, ಬೆಲೆ ಏರಿದಂತೆ ಅದು ಏರುವುದೂ ಇಲ್ಲ. ಹಾಗಾಗಿ ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಹತ್ತು ವರ್ಷದ ಹೊಸ್ತಿಲಲ್ಲಿ ನಿಂತವರಿಗೆ ಆ ವಿಷಯವೇ ಗೊತ್ತಾಗದೆ ಹಕ್ಕು ಹೋಗಬಾರದು ಅಲ್ವಾ? ಪಿಎಫ್ ಹಣ ಬೇಕಿದ್ದವರು ಫಾರಂ 19 ಮಾತ್ರ ಹಾಕಬಹುದು. ಪೆನ್ಷನ್ ಪಾಲಿಗೆ ಹಣದ ಬದಲು ಸೇವೆಯ ಲೆಕ್ಕ ಉಳಿಸಿಡುವ ಸ್ಕೀಮ್ ಸರ್ಟಿಫಿಕೇಟ್ ಕೊಡಿ ಅಂತ ಫಾರಂ 10ಸಿಯಲ್ಲೇ ಕೇಳಬಹುದು. ಎರಡೂ ಬೇರೆ ಬೇರೆ ಅರ್ಜಿ ಅಂತ ಯಾರೂ ಹೇಳದೇ ಇರುವುದರಿಂದ ಜನ ಎರಡನ್ನೂ ಒಟ್ಟಿಗೆ ಹಾಕುತ್ತಾರೆ.

ಖಾತೆ ಸೇರಿಸುವ ಕೆಲಸವನ್ನು ಕೆಲಸ ಬಿಡುವ ಮೊದಲೇ ಮಾಡಿ ಮುಗಿಸುವುದು ಒಳ್ಳೆಯದು. ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ Online Services ಅಡಿಯಲ್ಲಿ One Member - One EPF Account (Transfer Request) ಅಂತ ಇರುತ್ತದೆ. ಹಳೆಯ ಯುಎಎನ್ ಅಥವಾ ಹಳೆಯ ಪಿಎಫ್ ನಂಬರ್ ಹಾಕಿ ಅಲ್ಲಿಂದಲೇ ಹಳೆಯ ಖಾತೆಯನ್ನು ಈಗಿನದಕ್ಕೆ ತರಬಹುದು. ತೊಡಕು ಬರುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಹಳೆಯ ಕಾರ್ಖಾನೆಯವರು ಕೆಲಸ ಬಿಟ್ಟ ದಿನಾಂಕ ಹಾಕದೇ ಇರುವುದು. ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ಅದನ್ನು Manage ಅಡಿಯ Mark Exit ಮೂಲಕ ನಾವೇ ಹಾಕಿಕೊಳ್ಳಬಹುದು.

ಎರಡನೆಯದು ಹೆಸರು. ಈ ಅಕ್ಕನ ಆಧಾರ್‌ನಲ್ಲಿ ಇನಿಷಿಯಲ್ ಇಲ್ಲ. ಹಳೆಯ ಪಿಎಫ್‌ನಲ್ಲಿ ಮದುವೆಗೆ ಮುಂಚಿನ ಇನಿಷಿಯಲ್, ಹೊಸದರಲ್ಲಿ ಗಂಡನ ಹೆಸರಿನದು. ಒಬ್ಬರೇ ಮನುಷ್ಯರು, ಕಂಪ್ಯೂಟರಿಗೆ ಮಾತ್ರ ಇಬ್ಬರು. ನೌಕರರು, ಕಾರ್ಖಾನೆಯವರು ಸೇರಿ ಕೊಡುವ ಜಾಯಿಂಟ್ ಡಿಕ್ಲರೇಷನ್ ಕೊಟ್ಟು ಮೊದಲು ಹೆಸರು ಸರಿಪಡಿಸಿಕೊಂಡೆವು. ಆಮೇಲೆ ವರ್ಗಾವಣೆಗೆ ಅರ್ಜಿ.

ವರ್ಗಾವಣೆ ಆದ ಮೇಲೆ ಅವರು ಪಾಸ್‌ಬುಕ್ ತೋರಿಸಿ ಗಾಬರಿಯಿಂದ ಕೇಳಿದರು, "ಸಾರ್, ಪಿಎಫ್ ದುಡ್ಡು ಬಂದಿದೆ, ಪೆನ್ಷನ್ ಕಾಲಂನಲ್ಲಿ ಸೊನ್ನೆ ಇದೆಯಲ್ಲಾ, ಅದೆಲ್ಲಿ ಹೋಯ್ತು?" ಅದು ಎಲ್ಲೂ ಹೋಗಿಲ್ಲ. ಪೆನ್ಷನ್ ನಿಧಿ ಎಲ್ಲರದ್ದೂ ಸೇರಿದ ಒಂದೇ ನಿಧಿ. ಒಬ್ಬೊಬ್ಬರ ಹೆಸರಲ್ಲಿ ಹಣ ಓಡಾಡುವುದಿಲ್ಲ, ಸೇವೆಯ ಲೆಕ್ಕ ಮಾತ್ರ ಹೊಸ ಖಾತೆಗೆ ಬರುತ್ತದೆ. ಬಂದಿದೆಯೇ ಅಂತ ತಿಳಿಯಲು ಅನೆಕ್ಶರ್ ಕೆ ಅನ್ನುವ ಕಾಗದ ನೋಡಬೇಕು. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ಸಂಬಳವಿಲ್ಲದೆ ಗೈರಾದ ದಿನ ಎಲ್ಲ ಇರುತ್ತದೆ. ಗೈರಿನ ದಿನಗಳು ಸೇವೆಯಿಂದ ಕಳೆದುಹೋಗುತ್ತವೆ. ಒಂಬತ್ತೂವರೆ ವರ್ಷದ ಅಂಚಿನಲ್ಲಿರುವವರು ಇದನ್ನು ನೋಡಲೇಬೇಕು. ಎರಡು ತಿಂಗಳು ಮೇಲಿದ್ದ ಈ ಅಕ್ಕನ ಗೈರು ಅಷ್ಟಿರಲಿಲ್ಲ, ಅದಕ್ಕೇ ಉಳಿದರು.

ಇನ್ನು ಹತ್ತು ವರ್ಷ ಎಂದೂ ತುಂಬದವರ ಮಾತು. ಮೂರು ನಾಲ್ಕು ವರ್ಷ ದುಡಿದು ಊರಿಗೆ ವಾಪಸ್ ಹೋಗುವ ಹೆಣ್ಣುಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಪೆನ್ಷನ್ ಪಾಲು ಕೈಗೆ ಸಿಗುವುದೇ ಸರಿ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಅದನ್ನು ಕೇಳಬಹುದಿತ್ತು. ಇದನ್ನು 36 ತಿಂಗಳಿಗೆ ಏರಿಸಲು ಪಿಎಫ್ ಸಂಸ್ಥೆಯ ಕೇಂದ್ರೀಯ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿತು. ಸೇವೆ ಮುರಿಯದಿರಲಿ ಅನ್ನುವ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ಮೂವತ್ತು ನಲವತ್ತು ಸಾವಿರಕ್ಕೆ ಮೂರು ವರ್ಷ ಕಾಯಿ ಅನ್ನುವುದು ಕಷ್ಟದಲ್ಲಿ ಕೆಲಸ ಬಿಟ್ಟವರಿಗೆ ಅನ್ಯಾಯ. 2016ರ ಏಪ್ರಿಲ್‌ನಲ್ಲಿ ಪಿಎಫ್‌ನಲ್ಲಿ ಮಾಲೀಕರ ಪಾಲಿಗೆ 58 ವರ್ಷದವರೆಗೆ ತಡೆ ಹಾಕಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದರು, ಸರ್ಕಾರ ಆ ಆದೇಶ ಹಿಂದೆಗೆದುಕೊಂಡಿತು. ಕೆಲಸ ಬಿಟ್ಟ ಮೇಲೆ ಈ ಹಣ ಅವರ ಬದುಕಿಗೆ ಎಷ್ಟು ಮುಖ್ಯ ಅಂತ ಆಗಲೇ ಗೊತ್ತಾಗಿದೆ.

ಪಿಎಫ್ ಸಂಸ್ಥೆಯವರಲ್ಲಿ ನನ್ನ ಕೋರಿಕೆ ಎರಡು. ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ, ಎಲ್ಲ ಕೆಲಸ ಸೇರಿ ಪೆನ್ಷನ್ ಸೇವೆ ಇಷ್ಟು ವರ್ಷ ಇಷ್ಟು ತಿಂಗಳು ಅಂತ ಕನ್ನಡದಲ್ಲಿ ತೋರಿಸಿ. ಫಾರಂ 10ಸಿ ಒತ್ತುವ ಮುಂಚೆ, ಈ ಹಣ ತೆಗೆದರೆ ನಿಮ್ಮ ಇಷ್ಟು ಸೇವೆ ಅಳಿಯುತ್ತದೆ ಅಂತ ಒಂದು ಸಾಲು ಬರಲಿ. ಕಾರ್ಖಾನೆಗಳ ಟೈಮ್ ಆಫೀಸಿನವರಿಗೂ ಒಂದು ಮಾತು. ಹೊಸಬರು ಫಾರಂ 11 ತುಂಬುವಾಗ ಹಳೆಯ ಕಾರ್ಖಾನೆ ಯಾವುದು, ಯುಎಎನ್ ಇದೆಯಾ ಅಂತ ಕೂರಿಸಿ ಕೇಳಿ. ಐದು ನಿಮಿಷದ ಕೆಲಸ ಅದು.

ಇಂತಿ,
ಟೈಮ್ ಆಫೀಸ್ ನೌಕರ, ಬೆಂಗಳೂರು